ಬಿಳಿ-ಕೇಸರಿ ಪಂಚಾಯ್ತಿ

ಮೆಡಿಕಲ್ ಶಾಪಿನವರು ಸ್ಟ್ರಿಪ್ಪಿಗೆ ಕತ್ತರಿ ಹಾಕಿದರೆ ನಮ್ಮ ಕೈಗೆ ಬರುವುದು ಹೆಸರಿನ ಅರ್ಧ, ಎಕ್ಸ್‌ಪೈರಿಯ ಬಾಲ. ಆ ಅರ್ಧವನ್ನೂ ಕಿತ್ತೆಸೆದು ಬಿಡಿ ಕ್ಯಾಪ್ಸೂಲ್‌ಗಳನ್ನು ಅಡಿಕೆ ಡಬ್ಬಿಗೆ ಸುರಿಯುವವರು ನಮ್ಮ ದೊಡ್ಡಪ್ಪ.

ಅವರ ಪ್ರಕಾರ ಬಣ್ಣ ನೋಡಿದರೆ ಸಾಕು. ಕೆಂಪು-ಹಳದಿ ಜ್ವರಕ್ಕೆ, ಗುಲಾಬಿ ಗ್ಯಾಸಿಗೆ, ಹಸಿರು ಶಕ್ತಿಗೆ. ಆದರೆ ಖಾಲಿ ಚಿಪ್ಪುಗಳನ್ನು ಮಾಡುವ ಕಾರ್ಖಾನೆಗಳೇ ಬೇರೆ ಇವೆ. ಔಷಧ ಕಂಪನಿ ತನಗೆ ಬೇಕಾದ ಬಣ್ಣ ಹೇಳಿ ತರಿಸಿಕೊಂಡು ಒಳಗೆ ಮದ್ದು ತುಂಬುತ್ತದೆ. ಒಂದೇ ಮದ್ದು ಈ ಕಂಪನಿಯಲ್ಲಿ ಗುಲಾಬಿ, ಆ ಕಂಪನಿಯಲ್ಲಿ ನೀಲಿ ಆಗಬಹುದು. ಇಷ್ಟು ಹೇಳಿದರೆ, "ನೀನು ಹುಟ್ಟೋಕ್ ಮುಂಚಿಂದ ನುಂಗ್ತಿದ್ದೀನಿ ಕಣೋ" ಅನ್ನುತ್ತಾರೆ. ಮುಂದೆ ಏನು ಮಾತಾಡುವುದು?

ಹಬ್ಬಕ್ಕೆಂದು ಎಲ್ಲರೂ ಸೇರಿದ್ದಾಗ ಆ ಡಬ್ಬಿಯಿಂದ ಒಂದು ಬಿಳಿ-ಕೇಸರಿ ಕ್ಯಾಪ್ಸೂಲ್ ಹೊರಬಿತ್ತು. ಅಂಗಾಲು ಉರಿಗೆ ಅಂತ ಅಮೆರಿಕದ ಅಕ್ಕ ಕೊಟ್ಟು ಹೋದದ್ದು ಎಂದರು ದೊಡ್ಡಮ್ಮ. ಚಿಕ್ಕಪ್ಪ ಭೂತಗನ್ನಡಿ ತಂದರು. ಕ್ಯಾಪ್ಸೂಲಿಗೆ ಎರಡು ತುಂಡು. ಗಿಡ್ಡದ್ದು ಮುಚ್ಚಳ, ಉದ್ದದ್ದು ಒಡಲು. ಬಲ್ಬಿನ ಕೆಳಗೆ ಮೆಲ್ಲಗೆ ಹೊರಳಿಸಿದಾಗ ಮುಚ್ಚಳದ ಮೇಲೆ ಕಪ್ಪಕ್ಷರದಲ್ಲಿ ಫೈಜರ್ ಹೆಸರು ಕಂಡಿತು, ಒಡಲ ಮೇಲೆ PGN. ಅಂದರೆ ಪ್ರಿಗಾಬಲಿನ್, ನರದ ನೋವಿಗೆ ಕೊಡುವ ಮದ್ದು. ಅದರ ಮುಂದಿನ ಅಂಕಿ ಮಾತ್ರ ಬೆವರಿನ ಹೆಬ್ಬೆರಳಿಗೆ ಉಜ್ಜಿ ಅಳಿಸಿತ್ತು.

ತಂಟೆ ಶುರುವಾದದ್ದೇ ಅಲ್ಲಿ. ಆ ಕಂಪನಿಯ 75 ಮಿಲಿಗ್ರಾಂನದೂ ಬಿಳಿ-ಕೇಸರಿ, 300ರದೂ ಬಿಳಿ-ಕೇಸರಿ! ಒಂದಕ್ಕಿಂತ ಇನ್ನೊಂದು ನಾಲ್ಕು ಪಟ್ಟು ಜೋರು. ಅಂಕಿ ಬಿಟ್ಟರೆ ಗುರುತು ಉದ್ದದಲ್ಲಿ ಮಾತ್ರ: 75 ಸುಮಾರು 14 ಮಿಲಿಮೀಟರ್, 300 ಹತ್ತಿರ ಹತ್ತಿರ 22. ಮಗುವಿನ ಕಂಪಾಸ್ ಬಾಕ್ಸಿನ ಸ್ಕೇಲ್ ಬಂತು. ಸೊನ್ನೆ ಇರುವ ತುದಿ ಸವೆದಿದೆ ಎಂದರು ಚಿಕ್ಕಪ್ಪ. ಹಾಗಾದರೆ ಒಂದರಿಂದ ಅಳೆಯಿರಿ ಎಂದರು ದೊಡ್ಡಮ್ಮ. ಅಳೆದ ಮೇಲೆ ಆ ಒಂದನ್ನು ಕಳೆಯಬೇಕೋ ಬೇಡವೋ ಎಂದು ಕಾಲು ಗಂಟೆ ಜಗಳ. ಹೋಳಿಗೆ ಆರಿತು. ಬಿಚ್ಚಿ ನೋಡೋಣ ಎಂದು ಪಕ್ಕದ ಮನೆಯವರು ಉಗುರು ಹಾಕಿಯೇಬಿಟ್ಟಿದ್ದರು, ನಾನು ಕಿತ್ತುಕೊಂಡೆ. ಬಿಳಿ ಪುಡಿ ನೋಡಿ ಯಾರು ತಾನೇ ಹೆಸರು ಹೇಳಿಯಾರು? ಕೊನೆಗೆ ಹದಿನಾಲ್ಕೂವರೆಗೆ ರಾಜಿಯಾಯಿತು. ಸದ್ಯ, ಚಿಕ್ಕದೇ.

ಇಷ್ಟಾದರೂ ಪತ್ತೆ ಸಾಧ್ಯವಾದದ್ದು ಅದು ಹೊರದೇಶದ್ದಾದ್ದರಿಂದ. ಅಮೆರಿಕದಲ್ಲಿ 1995ರಿಂದ ಬಹುಪಾಲು ಮಾತ್ರೆ, ಕ್ಯಾಪ್ಸೂಲ್‌ಗಳ ಮೇಲೆ ಗುರುತು ಇರಲೇಬೇಕೆಂಬ ನಿಯಮವಿದೆ. ಬಣ್ಣ, ಆಕಾರ, ಅಳತೆ ಜೊತೆಗೆ ಆ ಗುರುತು ಸೇರಿದರೆ ಮದ್ದು ಯಾವುದು, ಎಷ್ಟು, ಯಾರದು ಎಂದು ತಿಳಿಯಬೇಕು. ನಮ್ಮ ಡಬ್ಬಿಯ ಮಿಕ್ಕವೆಲ್ಲ ಬೋಳು. ರಟ್ಟಿನ ಪೆಟ್ಟಿಗೆಗೆ ಮಿರಮಿರ ಮಿಂಚುವ ಅಕ್ಷರ ಹಾಕಿಸಲು ಕಂಪನಿಗಳಿಗೆ ದುಡ್ಡಿದೆ, ಹೊಟ್ಟೆಗೆ ಹೋಗುವುದರ ಮೇಲೆ ನಾಲ್ಕಕ್ಷರಕ್ಕೆ ಇಲ್ಲ!

ಅಳತೆ ನಂಬಿ ನುಂಗುವುದು ಬೇಡ ಅಂತ ಡಾಕ್ಟರಿಗೆ ಫೋನ್ ಮಾಡಿದೆ. "ಸ್ಟ್ರಿಪ್ ಫೋಟೋ ಕಳ್ಸಿ" ಅಂದರು.