ಒಂದೇ ಇಯರ್‌ಬಡ್ ಬಂದಾಗ ಮಾರಾಟಗಾರರಿಗೆ ಬರೆಯಬೇಕಾದ ಮೇಲ್

ಡಬ್ಬ ತೆಗೆದರೆ ಒಂದೇ ಇಯರ್‌ಬಡ್. ಚಾರ್ಜಿಂಗ್ ಕೇಬಲ್ ಇರಬೇಕಾದ ಜಾಗವೂ ಖಾಲಿ. ಆಗ ಹೆಚ್ಚಿನವರು ಸಿಟ್ಟಿನಲ್ಲಿ ಬರೆಯುವ ಮೇಲ್ ಇಷ್ಟೇ: "ನೀವು ಕಳಿಸಿದ ಇಯರ್‌ಬಡ್ಸ್ ಸರಿಯಿಲ್ಲ, ಕೇಬಲ್ ಕೂಡ ಇಲ್ಲ, ಕೂಡಲೇ ದುಡ್ಡು ವಾಪಸ್ ಕೊಡಿ."

ಸಿಟ್ಟು ನ್ಯಾಯವಾದದ್ದೇ. ಆದರೆ ಈ ಒಂದು ಸಾಲಿನಲ್ಲಿ ಎರಡು ತಪ್ಪಿವೆ, ಎರಡೂ ದೂರು ಕೊಟ್ಟವರ ಕಡೆಗೇ ತಿರುಗುತ್ತವೆ.

ಮೊದಲನೆಯದು "ಸರಿಯಿಲ್ಲ" ಅನ್ನುವ ಪದ. ಮೇಲ್ ಓದುವ ಸಿಬ್ಬಂದಿ ಮೊದಲು ಮಾಡುವ ಕೆಲಸ ದೂರನ್ನು ಯಾವುದಾದರೂ ಒಂದು ಗುಂಪಿಗೆ ಸೇರಿಸುವುದು. "ಸರಿಯಿಲ್ಲ", "ಒಂದು ಕಡೆ ಕೇಳಿಸ್ತಿಲ್ಲ" ಎಂದರೆ ಅದು ಕೆಟ್ಟ ವಸ್ತುವಿನ ದೂರಾಗುತ್ತದೆ. ಅಲ್ಲಿಂದ ಬರುವ ಉತ್ತರ ಗೊತ್ತಿರುವುದೇ: ರೀಸೆಟ್ ಮಾಡಿ ನೋಡಿ, ಆಗದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ವಾರಂಟಿ ಇರುವುದು ಇರುವ ವಸ್ತು ಕೆಟ್ಟರೆ. ಬಾರದೇ ಇರುವ ವಸ್ತುವಿಗೆ ವಾರಂಟಿಯಲ್ಲಿ ಜಾಗವಿಲ್ಲ, ಸರ್ವಿಸ್ ಸೆಂಟರಿನವರು ವಾಪಸ್ ಮಾರಾಟಗಾರರ ಹತ್ತಿರವೇ ಕಳಿಸುತ್ತಾರೆ. ಅಷ್ಟರಲ್ಲಿ ರಿಟರ್ನ್ ಅವಧಿ ಕರಗುತ್ತಾ ಇರುತ್ತದೆ. ಹಾಗಾಗಿ ಮೇಲ್‌ನಲ್ಲಿ ಇರಬೇಕಾದ ಮಾತು "ಬಂದಿಲ್ಲ". ಕೆಟ್ಟಿದೆ, ಹಾಳಾಗಿದೆ, ಸರಿಯಿಲ್ಲ ಇವ್ಯಾವುವೂ ಬೇಡ. "ಎಡಗಡೆಯ ಇಯರ್‌ಬಡ್ ಡಬ್ಬದಲ್ಲಿ ಬಂದಿಲ್ಲ." ಬಾರದೇ ಇರುವುದು ಎಡದ್ದೋ ಬಲದ್ದೋ ಎಂದು ಬರೆಯಲೇಬೇಕು. ಕೈಗೆ ಬಂದಿರುವ ಬಡ್ ಮೇಲೆ L ಅಥವಾ R ಎಂದು ಸಣ್ಣದಾಗಿ ಇರುತ್ತದೆ, ಇಲ್ಲದಿದ್ದರೆ ಕೇಸ್‌ನ ಗುಳಿಯಲ್ಲಿ ಇರುತ್ತದೆ.

ಎರಡನೆಯ ತಪ್ಪು, ಬಡ್ಡು ಮತ್ತು ಕೇಬಲ್ಲನ್ನು ಒಂದೇ ತೂಕದಲ್ಲಿ ಹೇಳುವುದು. ಕೇಬಲ್ ಕಳಿಸುವುದು ಸುಲಭ, ಬಡ್ಡಿನ ತಂಟೆ ಕಷ್ಟ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸುಲಭದ್ದಕ್ಕೆ ಉತ್ತರ ಬರುತ್ತದೆ: "ನಿಮಗೆ ಕೇಬಲ್ ಕಳಿಸುತ್ತಿದ್ದೇವೆ, ಧನ್ಯವಾದ." ದೂರು ಅಲ್ಲಿಗೆ ಮುಚ್ಚಿಹೋಗುತ್ತದೆ. ಬಡ್ಡಿನ ಮಾತು ಮೊದಲು ಬರಲಿ, ಕೇಬಲ್ ಅದರ ಹಿಂದೆ, ಮತ್ತು ಬೇಡಿಕೆ ಒಂದೇ ಇರಲಿ: ಇಡೀ ಸೆಟ್ ಬದಲಾಯಿಸಿ, ಇಲ್ಲವೇ ಪೂರ್ತಿ ಹಣ ಕೊಡಿ.

ಇಡೀ ಸೆಟ್ ಯಾಕೆ, ಒಂದು ಬಡ್ ಕಳಿಸಿದರೆ ಸಾಲದೇ ಎಂದು ಅವರು ಕೇಳಬಹುದು. ಎರಡು ಬಡ್ಡುಗಳೂ ಕೇಸೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿ ಬಂದ ಜೋಡಿ. ಬೇರೆ ಸೆಟ್ಟಿನ ಬಡ್ ತಂದು ಹಾಕಿದರೆ ಕೆಲವು ಮಾಡೆಲ್‌ಗಳಲ್ಲಿ ರೀಸೆಟ್ ಮಾಡಿದ ಮೇಲೆ ಕೂಡಿಕೊಳ್ಳುತ್ತವೆ, ಕೆಲವದರಲ್ಲಿ ಫೋನಿಗೆ ಎರಡೂ ಬೇರೆ ಬೇರೆ ಸಾಧನಗಳಾಗಿ ಕಾಣುತ್ತವೆ, ಒಂದು ಕಿವಿಗೆ ಮಾತ್ರ ಹಾಡು ಬರುತ್ತದೆ. ಎರಡರ ಒಳಗಿನ ಸಾಫ್ಟ್‌ವೇರ್ ಬೇರೆ ಬೇರೆ ಆವೃತ್ತಿಯದಾಗಿದ್ದರೂ ಕೂಡಿಕೊಳ್ಳಲು ತಕರಾರು ಬರಬಹುದು. ಹೊಸದಕ್ಕೆ ದುಡ್ಡು ಕೊಟ್ಟವರು ಈ ಪರೀಕ್ಷೆಗೆ ಒಳಗಾಗಬೇಕಾಗಿಲ್ಲ.

ಮೇಲ್ ಬರೆಯುವ ಮುಂಚೆ ಹತ್ತು ನಿಮಿಷ ಡಬ್ಬಕ್ಕೆ ಕೊಡಿ. ಕೇಬಲ್ ಬಹಳ ಸಲ ಕೇಸ್ ಕೂತಿರುವ ಟ್ರೇಯ ಕೆಳಗೆ, ಚಪ್ಪಟೆ ರಟ್ಟಿನ ಗೂಡಿನಲ್ಲಿ ಇರುತ್ತದೆ. ಟ್ರೇಯನ್ನು ಪೂರ್ತಿ ಎತ್ತಿ ನೋಡಿ. ಕೆಲವು ಡಬ್ಬಗಳಲ್ಲಿ ಬಡ್ಡುಗಳು ಕೇಸಿನೊಳಗೆ ಇರದೆ ಟ್ರೇಯ ಎರಡು ಗುಳಿಗಳಲ್ಲಿ ಬೇರೆಯಾಗಿ ಕೂತಿರುತ್ತವೆ, ಒಂದು ಜಾರಿ ಕೆಳಗೆ ಹೋಗಿರಬಹುದು. ಆಮೇಲೆ ಮಾರಾಟದ ಪುಟಕ್ಕೆ ಹೋಗಿ ಡಬ್ಬದಲ್ಲಿ ಏನೇನು ಬರುತ್ತದೆ ಎಂದು ಬರೆದಿರುವ ಸಾಲನ್ನು ಓದಿ. ಈಗ ಕೆಲವು ಮಾಡೆಲ್‌ಗಳು ಕೇಬಲ್ ಇಲ್ಲದೇ ಮಾರಾಟವಾಗುತ್ತವೆ. ಪಟ್ಟಿಯಲ್ಲಿ ಕೇಬಲ್ ಇಲ್ಲದಿದ್ದರೆ ಮೇಲ್‌ನಲ್ಲಿ ಅದರ ಸೊಲ್ಲೆತ್ತಬೇಡಿ, ಇಲ್ಲದ ಹಕ್ಕು ಕೇಳಿದರೆ ಇರುವ ಹಕ್ಕಿನ ಮಾತೂ ಹಗುರಾಗುತ್ತದೆ. ಇದ್ದರೆ ಆ ಸಾಲಿನ ಸ್ಕ್ರೀನ್‌ಶಾಟ್ ಆಗಲೇ ತೆಗೆದಿಡಿ, ಪುಟ ಆಮೇಲೆ ಬದಲಾಗಬಹುದು.

ಬಂದ ಒಂದು ಬಡ್ಡನ್ನು ಕಿವಿಗೆ ಹಾಕಬೇಡಿ. ಕಿವಿಯೊಳಗೆ ಹೋಗುವ ವಸ್ತು ಬಳಸಿದ್ದಾದರೆ ಸ್ವಚ್ಛತೆಯ ನೆಪ ಹೇಳಿ ವಾಪಸ್ ತೆಗೆದುಕೊಳ್ಳದ ಮಾರಾಟಗಾರರು ಬಹಳ. ಫೋನಿಗೆ ಜೋಡಿಸುವುದೂ ಬೇಡ.

ಇನ್ನು ಸೀಲ್. ಇದನ್ನು ಬಹಳ ಜನ ನೋಡುವುದೇ ಇಲ್ಲ, ನನ್ನ ಪ್ರಕಾರ ಇಡೀ ದೂರಿನ ಜೀವ ಇರುವುದು ಇಲ್ಲೇ. ಪಾರ್ಸೆಲ್ಲಿಗೆ ಎರಡು ಮೈ ಇರುತ್ತವೆ. ಹೊರಗಿನದು ಕೊರಿಯರ್ ಕವರ್, ಒಳಗಿನದು ಕಂಪನಿಯ ಡಬ್ಬ. ಕಂಪನಿಯ ಡಬ್ಬದ ಮುಚ್ಚಳದ ಅಂಚಿನಲ್ಲಿ ಪಾರದರ್ಶಕ ಸ್ಟಿಕ್ಕರ್ ಇರುತ್ತದೆ, ಇಲ್ಲವೇ ಇಡೀ ಡಬ್ಬಕ್ಕೆ ತೆಳ್ಳಗಿನ ಪ್ಲಾಸ್ಟಿಕ್ ಸುತ್ತಿರುತ್ತದೆ. ಹೊರ ಕವರ್ ಗಟ್ಟಿಯಾಗಿದ್ದು ಒಳ ಸ್ಟಿಕ್ಕರ್ ಮೊದಲೇ ಕತ್ತರಿಸಿದ್ದರೆ, ಅಥವಾ ಒಂದರ ಮೇಲೆ ಇನ್ನೊಂದು ಅಂಟಿಸಿದ್ದರೆ, ಕವರಿಗೆ ಹಾಕುವ ಮುಂಚೆಯೇ ಯಾರೋ ಡಬ್ಬ ತೆರೆದಿದ್ದಾರೆ. ಬೇರೆ ಗಿರಾಕಿ ವಾಪಸ್ ಕೊಟ್ಟದ್ದನ್ನು ಎಣಿಸದೆ ಮತ್ತೆ ಕಳಿಸಿದಾಗ ಹೀಗೇ ಆಗುತ್ತದೆ. ಹೊರ ಕವರಿನಲ್ಲೇ ಸೀಳು, ಮೇಲೆ ಬೇರೆ ಬಣ್ಣದ ಟೇಪು ಇದ್ದರೆ ದಾರಿಯಲ್ಲಿ ಆದದ್ದೆಂದು ಅನುಮಾನಿಸಬೇಕು. ಕಾರಣ ನೀವು ತೀರ್ಮಾನ ಮಾಡಬೇಡಿ, "ಕಳ್ಳತನ" ಎಂದೂ ಬರೆಯಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕು.

ಸೀಲಿನ ಜೊತೆ ಸೀರಿಯಲ್ ನಂಬರ್. ಡಬ್ಬದ ಹಿಂದೆ ಬಾರ್‌ಕೋಡ್ ಹತ್ತಿರ ಒಂದಿರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಕೇಸಿನ ಮುಚ್ಚಳದ ಒಳಗೆ ಅಥವಾ ತಳದಲ್ಲಿ ಇನ್ನೊಂದಿರುತ್ತದೆ, ಸಾಸಿವೆ ಗಾತ್ರದ ಅಕ್ಷರ, ಫೋನ್ ಕ್ಯಾಮೆರಾದಲ್ಲಿ ಹಿಗ್ಗಿಸಿದರೆ ಮಾತ್ರ ಓದಲಾಗುತ್ತದೆ. ಎರಡೂ ಬೇರೆಯಾಗಿದ್ದರೆ ಆ ಡಬ್ಬದೊಳಗೆ ಬೇರೆ ಡಬ್ಬದ ಕೇಸ್ ಬಂದಿರಬಹುದು, ಅದು ಬಲವಾದ ಸಾಕ್ಷಿ. ಒಂದೇ ಆಗಿದ್ದರೂ ನಂಬರ್ ಬರೆಯಿರಿ, ನಾಳೆ ನೀವು ವಾಪಸ್ ಕೊಟ್ಟದ್ದು ಇದೇ ವಸ್ತು ಎಂದು ತೋರಿಸಲು ಬೇಕಾಗುತ್ತದೆ.

ಫೋಟೋ ನಾಲ್ಕು ಸಾಕು: ಕೊರಿಯರ್ ಚೀಟಿ ಕಾಣುವ ಹೊರ ಕವರ್, ಡಬ್ಬದ ಸೀಲ್ ಇರುವ ಅಂಚು, ಡಬ್ಬದಲ್ಲಿ ಬಂದದ್ದನ್ನೆಲ್ಲ ಸಾಲಾಗಿ ಜೋಡಿಸಿದ್ದು (ಖಾಲಿ ಟ್ರೇ, ಕಿವಿಯ ರಬ್ಬರ್‌ಗಳು, ಕೈಪಿಡಿ, ಒಂದೂ ಬಿಡದೆ), ಮತ್ತು ತೆರೆದ ಕೇಸಿನಲ್ಲಿ ಒಂದು ಬಡ್, ಪಕ್ಕದಲ್ಲಿ ಖಾಲಿ ಗುಳಿ. ತೆಗೆದ ಫೋಟೋವನ್ನೇ ಕ್ರಾಪ್ ಮಾಡದೆ ಕಳಿಸಿ. ಮೆಸೇಜ್ ಆ್ಯಪ್‌ನಿಂದ ಹಾದುಬಂದ ಫೋಟೋದಲ್ಲಿ ತೆಗೆದ ಸಮಯದ ಮಾಹಿತಿ ಉಳಿಯದೇ ಹೋಗಬಹುದು, ಸೀರಿಯಲ್ ನಂಬರೂ ಮಸುಕಾಗುತ್ತದೆ. ಡಬ್ಬ ತೆರೆಯುವ ವಿಡಿಯೋ ಇದ್ದರೆ "ಇದೆ, ಕೇಳಿದರೆ ಕಳಿಸುತ್ತೇನೆ" ಎನ್ನಿ. ದೊಡ್ಡ ಫೈಲ್ ಲಗತ್ತಿಸಿದರೆ ಮೇಲ್ ತಲುಪದೇ ಹೋಗಬಹುದು. ವಿಡಿಯೋ ಇಲ್ಲದಿದ್ದರೆ ಅದರ ಮಾತೇ ಬೇಡ.

ಮೇಲ್ ಹೀಗಿರಲಿ.

ವಿಷಯ: ಆರ್ಡರ್ (ಸಂಖ್ಯೆ): ಎಡ ಇಯರ್‌ಬಡ್ ಮತ್ತು ಚಾರ್ಜಿಂಗ್ ಕೇಬಲ್ ಬಂದಿಲ್ಲ, ಪೂರ್ತಿ ಸೆಟ್ ಬದಲಾಯಿಸಲು ಕೋರಿಕೆ

ನಮಸ್ಕಾರ,

ಮೇಲಿನ ಆರ್ಡರಿನ ಇಯರ್‌ಬಡ್ಸ್ (ಮಾಡೆಲ್, ಬಣ್ಣ) 12ನೇ ತಾರೀಖು ಸಂಜೆ 4.20ಕ್ಕೆ ತಲುಪಿತು. ಅದೇ ದಿನ 4.45ಕ್ಕೆ ಡಬ್ಬ ತೆರೆದೆ. ಒಳಗೆ ಚಾರ್ಜಿಂಗ್ ಕೇಸ್, ಬಲ ಇಯರ್‌ಬಡ್, ಎರಡು ಜೊತೆ ಕಿವಿಯ ರಬ್ಬರ್ ಮತ್ತು ಕೈಪಿಡಿ ಇದ್ದವು. ಎಡ ಇಯರ್‌ಬಡ್ ಇರಲಿಲ್ಲ. ನಿಮ್ಮ ಪುಟದ ಪಟ್ಟಿಯಲ್ಲಿರುವ ಚಾರ್ಜಿಂಗ್ ಕೇಬಲ್ಲೂ ಇರಲಿಲ್ಲ.

ಹೊರ ಕವರ್ ಎಲ್ಲೂ ಹರಿದಿರಲಿಲ್ಲ. ಒಳ ಡಬ್ಬದ ಸೀಲ್ ಸ್ಟಿಕ್ಕರ್ ಮೊದಲೇ ಕತ್ತರಿಸಿತ್ತು. ಡಬ್ಬದ ಮೇಲಿನ ಸೀರಿಯಲ್ ನಂಬರ್ (…), ಕೇಸಿನ ಮೇಲಿನದು (…). ವಸ್ತುವನ್ನು ಬಳಸಿಲ್ಲ, ಫೋನಿಗೆ ಜೋಡಿಸಿಲ್ಲ.

ಪೂರ್ತಿ ಸೆಟ್ ಬದಲಾಯಿಸಿಕೊಡಿ. ಸ್ಟಾಕ್ ಇಲ್ಲದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ. ಎಡ ಬಡ್ ಮತ್ತು ಕೇಬಲ್ ನನಗೆ ಬಂದೇ ಇಲ್ಲವಾದ್ದರಿಂದ ವಾಪಸ್ ಕೊಡುವಾಗ ಅವು ಇರುವುದಿಲ್ಲ. ಇದನ್ನು ರಿಟರ್ನ್ ಕೋರಿಕೆಯಲ್ಲಿ ದಾಖಲಿಸಿ, ದಾಖಲಿಸಿದ್ದೀರೆಂದು 15ನೇ ತಾರೀಖಿನೊಳಗೆ ಈ ಮೇಲ್‌ಗೆ ಉತ್ತರಿಸಿ.

ನಾಲ್ಕು ಫೋಟೋ ಮತ್ತು ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

(ಹೆಸರು, ಆರ್ಡರಿಗೆ ಕೊಟ್ಟ ಫೋನ್ ನಂಬರ್)

ಬೇಡಿಕೆಯ ಪ್ಯಾರಾದಲ್ಲಿರುವ "ವಾಪಸ್ ಕೊಡುವಾಗ ಅವು ಇರುವುದಿಲ್ಲ" ಅನ್ನುವ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಇಂಥ ದೂರುಗಳು ಮುಗ್ಗರಿಸುವುದು ಪಿಕಪ್ ದಿನ. ವಾಪಸ್ ಒಯ್ಯಲು ಬಂದವರ ಫೋನಿನಲ್ಲಿ ಒಂದು ಪಟ್ಟಿ ಇರುತ್ತದೆ: ವಸ್ತು ಪೂರ್ತಿ ಇದೆಯೇ, ಜೊತೆಗಿನ ಸಾಮಾನು ಇದೆಯೇ. ಬಡ್ ಒಂದೇ, ಕೇಬಲ್ ಇಲ್ಲ ಎಂದರೆ ಅವರು "ಅಪೂರ್ಣ" ಎಂದು ಒತ್ತಿ ಹೊರಟುಹೋಗುತ್ತಾರೆ. ಅವರದೇನೂ ತಪ್ಪಿಲ್ಲ, ಪಟ್ಟಿ ಹೇಳಿದಂತೆ ಮಾಡಿದ್ದಾರೆ. ಆದರೆ ಯಾವುದು ಬಂದಿಲ್ಲ ಎಂದು ದೂರು ಕೊಟ್ಟಿರೋ ಅದೇ ಕಾರಣಕ್ಕೆ ರಿಟರ್ನ್ ರದ್ದಾಗಿರುತ್ತದೆ. ಪಿಕಪ್ ದಾಟಿದರೂ ಗೋದಾಮಿನಲ್ಲಿ ಇದೇ ಪರೀಕ್ಷೆ ಇನ್ನೊಮ್ಮೆ ನಡೆಯಬಹುದು. ಹಾಗಾಗಿ ಮಾರಾಟಗಾರರಿಂದ ಲಿಖಿತ ಉತ್ತರ ಬರುವವರೆಗೆ ಪಿಕಪ್ ಸಮಯ ಒಪ್ಪಿಕೊಳ್ಳಬೇಡಿ. ಆ್ಯಪ್‌ನಲ್ಲಿ ಕಾರಣ ಆರಿಸುವಾಗಲೂ "ಸಾಮಾನು ಕಡಿಮೆ ಬಂದಿದೆ" ಅನ್ನುವುದನ್ನೇ ಆರಿಸಿ. ರಿಟರ್ನ್ ಅವಧಿಯ ಕೊನೆಯ ದಿನ ಹತ್ತಿರವಿದ್ದರೆ ಉತ್ತರಕ್ಕೆ ಕಾಯದೆ ಕೋರಿಕೆ ಮೊದಲು ಹಾಕಿಬಿಡಿ, ಪಿಕಪ್ ದಿನವನ್ನು ಮಾತ್ರ ಮುಂದಕ್ಕೆ ಇಡಿ.

"ನಮ್ಮಲ್ಲಿಂದ ಹೊರಡುವಾಗ ತೂಕ ಸರಿಯಿತ್ತು" ಎಂಬ ಉತ್ತರವೂ ಬರಬಹುದು. ಒಂದು ಬಡ್ ಸುಮಾರು 4ರಿಂದ 6 ಗ್ರಾಂ. ಗೇಣುದ್ದದ ಆ ಕೇಬಲ್ ಸೇರಿಸಿದರೂ ಇಪ್ಪತ್ತು ಗ್ರಾಂ ಆಸುಪಾಸು. ಕೊರಿಯರ್ ಚೀಟಿಯ ತೂಕವನ್ನು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ದೊಡ್ಡ ಮೊತ್ತಕ್ಕೆ ಏರಿಸಿ ಬರೆದಿರುತ್ತಾರೆ, ಅದರಲ್ಲಿ ಇಪ್ಪತ್ತು ಗ್ರಾಂ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಅದೇ ಕಾರಣಕ್ಕೆ ನೀವೂ ತೂಕವನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಗ್ರಾಂ ಲೆಕ್ಕದಲ್ಲಿ ತೂಗಿದ ದಾಖಲೆ ಇದ್ದರೆ ಕಳಿಸಿ ಎಂದು ಕೇಳಿ, ಮತ್ತೆ ಸೀಲಿನ ಫೋಟೋಗೆ ಬನ್ನಿ.

ಉತ್ತರ ಏನೇ ಬರಲಿ, ಅದೇ ಮೇಲ್‌ಗೆ ಮರುತ್ತರ ಕೊಡಿ. ಹೊಸ ಮೇಲ್ ಬರೆದರೆ ಹೊಸ ದೂರಿನ ಸಂಖ್ಯೆ ಹುಟ್ಟುತ್ತದೆ, ಅದನ್ನು ತೆರೆದ ಸಿಬ್ಬಂದಿಗೆ ಹಳೆಯ ಫೋಟೋ ಕಾಣುವುದಿಲ್ಲ. ಫೋನಿನಲ್ಲಿ ಭರವಸೆ ಕೊಟ್ಟರೆ ಅದೇ ಮೇಲ್‌ನಲ್ಲಿ ಒಂದು ಸಾಲು ಹಾಕಿ: "ಇಂದು 11.30ಕ್ಕೆ ನಿಮ್ಮ ಕಡೆಯವರು ಪೂರ್ತಿ ಸೆಟ್ ಬದಲಾಯಿಸುವುದಾಗಿ ಫೋನಿನಲ್ಲಿ ತಿಳಿಸಿದರು."

ಪಿಕಪ್‌ಗೆ ಬಂದವರ ಎದುರಲ್ಲೇ ಕೇಸ್ ತೆರೆದು ಒಂದು ಬಡ್ ತೋರಿಸಿ, ಒಪ್ಪಿಗೆಯ ಮೇಲ್ ತೋರಿಸಿ, ಡಬ್ಬ ಮುಚ್ಚುವ ಮುಂಚೆ ಇನ್ನೊಂದು ಫೋಟೋ ತೆಗೆದುಕೊಳ್ಳಿ. ರಸೀದಿಯಲ್ಲಿ "1 ಬಡ್ ಮತ್ತು ಕೇಸ್ ಇದೆ, ಇನ್ನೊಂದು ಬಡ್ ಮತ್ತು ಕೇಬಲ್ ಇಲ್ಲ" ಎಂದು ಬರೆಸಿ. ಬರೆಯಲು ಒಪ್ಪದಿದ್ದರೆ ಅವರು ಹೊರಡುವ ಮುಂಚೆ ಅದೇ ಮಾತನ್ನು ಫೋಟೋ ಸಮೇತ ಮಾರಾಟಗಾರರಿಗೆ ಅದೇ ಮೇಲ್‌ನಲ್ಲಿ ಕಳಿಸಿಬಿಡಿ.