ಹೇಳದೆ ಜಾರಿಕೊಂಡರೆ ಅಳು ನಿಲ್ಲುತ್ತದೆಯೇ? ಸತ್ಯಾಂಶ

"ಮಗು ಶಾಲೆ ಬಾಗಿಲಲ್ಲಿ ಅತ್ತರೆ, ಅದು ಆಟಿಕೆ ನೋಡುವಾಗ ಹೇಳದೆ ಹೊರಟುಬಿಡಿ. ಮೂರು ದಿನದಲ್ಲಿ ರೂಢಿಯಾಗುತ್ತದೆ ಅಂತಾರೆ, ನಿಜಾನಾ?"

ನಿಜವಲ್ಲ. ತಿರುಗಿ ನೋಡಿದಾಗ ಅವ್ವ ಇಲ್ಲದಿದ್ದರೆ, ಮಗು ಕಲಿಯುವುದು 'ಕಣ್ಣು ಆಚೆ ತಿರುಗಿಸಿದರೆ ಅವ್ವ ಮಾಯ' ಅನ್ನುವುದನ್ನೇ. ಮರುದಿನ ಅದು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ಕಲಬುರಗಿಯ ನಮ್ಮ ಓಣಿಯ ನಾಲ್ಕು ವರ್ಷದ ಹುಡುಗಿಗೆ ಹೀಗೇ ಆಗಿತ್ತು. ಎರಡು ವಾರ ಅವಳಮ್ಮ ಕದ್ದು ಬಂದರು. ಕೊನೆಗೆ ಮಗು ಮನೆಯಲ್ಲೂ ಅಮ್ಮನನ್ನು ಬಚ್ಚಲಿಗೆ ಹೋಗಗೊಡಲಿಲ್ಲ. ಆಮೇಲೆ ದಾರಿ ಬದಲಿಸಿದರು: ಬಾಗಿಲಲ್ಲಿ ಒಂದು ಅಪ್ಪುಗೆ, "ನೀ ರೊಟ್ಟಿ ಉಂಡು ಮುಗಿಸಿದ ಮ್ಯಾಲ ಬರ್ತೀನವ್ವ" ಅನ್ನುವ ಒಂದೇ ಮಾತು, ಟೀಚರ್ ಕೈಗೆ ಮಗುವಿನ ಕೈ. ಒಂದು ನಿಮಿಷವೂ ಹಿಡಿಯಲಿಲ್ಲ. ಅತ್ತರೂ ವಾಪಸ್ ಹೋಗಲಿಲ್ಲ, ಹೇಳಿದ ಹೊತ್ತಿಗೆ ಮಾತ್ರ ತಪ್ಪದೆ ಗೇಟಿನಲ್ಲಿದ್ದರು. ನನ್ನ ಪ್ರಕಾರ ಗೆಲ್ಲಿಸಿದ್ದು ಆ ಕೊನೆಯ ಕೆಲಸವೇ. ಅಳು ಕಡಿಮೆಯಾಗಲು ಮೂರು ವಾರ ಬೇಕಾಯಿತು, ನಡುವೆ ಹಬ್ಬದ ರಜೆ ಮುಗಿದಾಗ ಮತ್ತೆ ಎರಡು ದಿನ ಅತ್ತಳು. ಅದು ಸಹಜ.

ನೀವು ಹೊರಟ ಎಷ್ಟು ಹೊತ್ತಿಗೆ ಅಳು ನಿಂತಿತು ಎಂದು ಟೀಚರನ್ನು ದಿನವೂ ಕೇಳಿ. ಹತ್ತು ಹದಿನೈದು ನಿಮಿಷದಲ್ಲಿ ಆಟಕ್ಕಿಳಿದರೆ ಅದು ಅಗಲಿಕೆಯ ಸಂಕಟ ಅಷ್ಟೇ. ದಿನವಿಡೀ ಅತ್ತರೆ, ನಾಲ್ಕು ವಾರ ದಾಟಿದರೂ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಗುತ್ತಾ ಹೋಗುತ್ತಿದ್ದ ಮಗು ಒಮ್ಮೆಲೇ ಬೇಡವೆಂದರೆ ಅದು ಬೇರೆ ಮಾತು: ಹೊಡೆತವೋ, ಶೌಚಾಲಯದ ಭಯವೋ, ದೊಡ್ಡ ಮಕ್ಕಳ ಕಾಟವೋ ಇರಬಹುದು. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ನಿಧಾನವಾಗಿ ಕೇಳಿ.