ಪಾಂಡವಪುರಕ್ಕೆ ಗಾಜಿನ ಸೇತುವೆ ಬೇಡ, ಆಲೆಮನೆ ಸಾಕು

ನಮ್ಮ ಪಾಂಡವಪುರಕ್ಕೆ ಪ್ರವಾಸಿಗರು ಬರುತ್ತಿಲ್ಲ ಅಂತ ಮಾತಾಡುವವರು ಒಂದು ಶನಿವಾರ ಬೆಳಗಿನ ಜಾವ ಕುಂತಿ ಬೆಟ್ಟದ ಕೆಳಗೆ ಬಂದು ನಿಲ್ಲಬೇಕು. ಬೆಂಗಳೂರಿನ ಬೈಕು, ಕಾರು ಸಾಲಾಗಿ ನಿಂತಿರುತ್ತವೆ. ಹುಡುಗರು ಹುಡುಗಿಯರು ಟಾರ್ಚ್ ಹಿಡಿದು ಬಂಡೆ ಹತ್ತುತ್ತಾರೆ, ಸೂರ್ಯ ಹುಟ್ಟುವುದನ್ನು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಬಿಸಿಲು ಏರುವ ಹೊತ್ತಿಗೆ ಇಳಿದು ಗಾಡಿ ಹತ್ತುತ್ತಾರೆ. ತಿಂಡಿಗೆ ಶ್ರೀರಂಗಪಟ್ಟಣ, ಊಟಕ್ಕೆ ಮೈಸೂರು. ನಮ್ಮ ಊರಿನಲ್ಲಿ ಅವರು ಬಿಟ್ಟು ಹೋಗುವುದು ನೀರಿನ ಬಾಟಲಿ ಮತ್ತು ಚಿಪ್ಸ್ ಪ್ಯಾಕೆಟ್ ಮಾತ್ರ.

ಅಂದರೆ ಜನ ಬರುತ್ತಿದ್ದಾರೆ. ಬಂದವರು ಮಧ್ಯಾಹ್ನದವರೆಗೆ ಇರಲು ನಾವು ಒಂದು ಕಾರಣ ಕೊಟ್ಟಿಲ್ಲ. ನನಗೆ ಕಾಣುವ ನಿಜವಾದ ಸಮಸ್ಯೆ ಇಷ್ಟೇ.

ಈ ವಿಷಯಕ್ಕೆ ನಡೆದ ಸಭೆಯೊಂದರಲ್ಲಿ ನಾನೂ ಕೂತಿದ್ದೆ. ಗಾಜಿನ ಸೇತುವೆ, ತೊಣ್ಣೂರು ಕೆರೆಯಲ್ಲಿ ಸ್ಪೀಡ್ ಬೋಟು, ಊರಿನ ಹೆಸರಿನ ಪಕ್ಕ ಕೆಂಪು ಹೃದಯ ಇರುವ ದೊಡ್ಡ ಅಕ್ಷರಗಳು, ಕೊನೆಗೆ 'ಮಂಡ್ಯದ ಕೊಡಗು' ಅನ್ನುವ ಘೋಷಣೆ. ನನಗೆ ತುಂಬಾ ಬೇಜಾರಾಯಿತು. ಕೊಡಗು ಬೇಕಾದವರು ಕೊಡಗಿಗೇ ಹೋಗುತ್ತಾರೆ, ಅಲ್ವಾ? ಇಲ್ಲಿ ಬಂದು ಕಾಫಿ ತೋಟ ಎಲ್ಲಿ ಅಂತ ಕೇಳಿದರೆ ಏನು ತೋರಿಸೋಣ? ಇಂಥ ಪ್ರಚಾರಕ್ಕೆ ನಾನು ಒಂದೇ ಪರೀಕ್ಷೆ ಇಡುತ್ತೇನೆ. ಬೋರ್ಡಿನಲ್ಲಿ ಊರಿನ ಹೆಸರು ಅಳಿಸಿ. ಉಳಿದದ್ದನ್ನು ಓದಿ ಇದು ಯಾವ ಊರು ಅಂತ ಮಂಡ್ಯದವರಿಗೇ ಹೇಳಲು ಆಗದಿದ್ದರೆ ಆ ಬೋರ್ಡು ದಂಡ.

ಮದ್ದೂರಿನ ಕಡೆ ನೋಡಿ. ದಾರಿಯಲ್ಲಿ ಹೋಗುವ ಪ್ರತಿ ಬಸ್ಸು, ಕಾರು ನಿಲ್ಲುತ್ತಿತ್ತು, ವಡೆ ಖರ್ಚಾಗುತ್ತಿತ್ತು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರ್ ದಾರಿ ಊರುಗಳನ್ನು ಪಕ್ಕಕ್ಕೆ ಬಿಟ್ಟು ಓಡುತ್ತದೆ. ಅಷ್ಟು ಹೆಸರಿರುವ ವಡೆಯೂ ಜನರನ್ನು ಹೆದ್ದಾರಿಯಿಂದ ಮೊದಲಿನ ಹಾಗೆ ಇಳಿಸಲು ಕಷ್ಟಪಡುತ್ತಿದೆ. ಪಾಂಡವಪುರ ಹಿಂದೆಯೂ ಆ ರಸ್ತೆಯ ಮೇಲಿರಲಿಲ್ಲ. ನಮ್ಮಲ್ಲಿಗೆ ಯಾರೂ ದಾರಿಯಲ್ಲಿ ಸಿಕ್ಕಿತು ಅಂತ ಬರುವುದಿಲ್ಲ, ಬೇಕು ಅಂತಲೇ ತಿರುಗಿಕೊಂಡು ಬರಬೇಕು. ಹಾಗೆ ಬರಲು ಬೇರೆ ಕಡೆ ಸುಲಭಕ್ಕೆ ಸಿಗದ ಒಂದು ವಸ್ತು ಇರಬೇಕು.

ಆ ವಸ್ತು ನಮ್ಮಲ್ಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಕಬ್ಬು, ಕಬ್ಬಿನ ಗದ್ದೆ ಪಕ್ಕದಲ್ಲೇ ಹೊಗೆಯಾಡುವ ಆಲೆಮನೆ. ನಮಗೆ ದಿನಾ ಮೂಗಿಗೆ ಬಡಿಯುವ ವಾಸನೆ, ಹಾಗಾಗಿ ಅದು ಯಾರಿಗಾದರೂ ತೋರಿಸುವಂಥದ್ದು ಅಂತ ನಮಗೆ ಅನ್ನಿಸುವುದೇ ಇಲ್ಲ.

ಆಲೆಮನೆ ಒಳಗೆ ನಿಂತು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಸೋಸಿ ದೊಡ್ಡ ಕೊಪ್ಪರಿಗೆಗೆ ಬಿಡುತ್ತಾರೆ. ಕೆಳಗೆ ಉರಿಯುವುದು ಒಣಗಿಸಿದ ಕಬ್ಬಿನ ಸಿಪ್ಪೆ. ಹಾಲು ಕಾಯುತ್ತಾ ಬಂದ ಹಾಗೆ ಸ್ವಲ್ಪ ಸುಣ್ಣ ಬೀಳುತ್ತದೆ. ಹಳಬರು ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆಯನ್ನೂ ಹಾಕುತ್ತಾರೆ. ಆಗ ಕೊಳೆಯೆಲ್ಲ ಮೇಲಕ್ಕೆ ಬಂದು ಕಪ್ಪು ಮಡ್ಡಿಯಾಗಿ ಕಟ್ಟುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ಎತ್ತಿ ಎತ್ತಿ ಹೊರಗೆ ಹಾಕಬೇಕು. ಆಮೇಲೆ ಹಾಲಿನ ಬಣ್ಣ ತಿರುಗುತ್ತದೆ, ನೊರೆ ಉಕ್ಕುತ್ತದೆ, ಗುಳ್ಳೆ ದಪ್ಪವಾಗುತ್ತದೆ. ಜೋನಿ ಬೆಲ್ಲ ಬೇಕಾದರೆ 105-106 ಡಿಗ್ರಿಗೆ ಬಂದಾಗಲೇ ಒಲೆಯಿಂದ ಇಳಿಸಬೇಕು, ಗಟ್ಟಿ ಬೆಲ್ಲಕ್ಕೆ 118ರ ಆಸುಪಾಸಿಗೆ ಹೋಗಬೇಕು. ಆದರೆ ಕೊಪ್ಪರಿಗೆ ಮುಂದೆ ನಿಂತವರ ಕೈಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಒಂದು ಚೂರು ಪಾಕ ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಿನಲ್ಲಿ ಉಂಡೆ ಕಟ್ಟಿದರೆ ಆಯಿತು, "ಇಳಿಸ್ರೋ" ಅಂತ ಕೂಗುತ್ತಾರೆ. ಅಲ್ಲಿಂದ ಎಲ್ಲವೂ ಓಡಾಟ. ಮರದ ತೊಟ್ಟಿಗೆ ಸುರಿದು, ತಿರುವಿ, ಆರುವ ಮೊದಲೇ ಅಚ್ಚಿಗೆ ತುಂಬಬೇಕು.

ಒಂದು ಕೊಪ್ಪರಿಗೆ ಇಳಿಯಲು ಎರಡರಿಂದ ಮೂರು ಗಂಟೆ. ನನ್ನ ಪ್ರಕಾರ ನಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ ಆ ಎರಡು ಮೂರು ಗಂಟೆಯೇ. ಗಾಜಿನ ಸೇತುವೆ ಮೇಲೆ ಜನ ಹತ್ತು ನಿಮಿಷ ನಿಲ್ಲುತ್ತಾರೆ. ಬೆಟ್ಟ ಇಳಿದವರು ಬೆಳಿಗ್ಗೆ ಒಂಬತ್ತಕ್ಕೆ ಆಲೆಮನೆಗೆ ಬಂದು, ಹಾಲು ಬಿಡುವುದನ್ನು ನೋಡಿ, ನಡುವೆ ತಿಂಡಿ ತಿಂದು, ಗದ್ದೆ ಬದುವಿನ ಮೇಲೆ ನಾಲೆವರೆಗೂ ಹೋಗಿ ಬಂದು, ಬಿಸಿ ಬೆಲ್ಲ ಅಚ್ಚಿಗೆ ಬೀಳುವುದನ್ನು ನೋಡುವಷ್ಟರಲ್ಲಿ ಊಟದ ಹೊತ್ತು. ಊಟಕ್ಕೆ ಊರೊಳಗೇ ಮುದ್ದೆ, ಬಸ್ಸಾರು. ಸಂಜೆ ಬಿಸಿಲು ಇಳಿದ ಮೇಲೆ ತೊಣ್ಣೂರಿನ ನಂಬಿನಾರಾಯಣ ದೇವಸ್ಥಾನ, ಕೆರೆ ಏರಿ. ರೈಲಿನಲ್ಲಿ ಬರುವವರಿಗೆ ಪಾಂಡವಪುರ ಸ್ಟೇಷನ್ ಇದೆ. ಅದು ಪಟ್ಟಣದಿಂದ ಕೆಲವು ಕಿಲೋಮೀಟರ್ ದೂರ, ಹಾಗಾಗಿ ಬೆಳಗಿನ ರೈಲಿಗೆ ನಾಲ್ಕು ಆಟೋ ನಿಗದಿ ಮಾಡಿದರೂ ಸಾಕು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಮ್ಮ ಬೆಲ್ಲದ ಬಣ್ಣದ ಮಾತು.

ನನಗೆ ಪರಿಚಯದ ಆಲೆಮನೆಯವರೊಬ್ಬರನ್ನು ಕೇಳಿದೆ, "ಅಣ್ಣ, ಹೈಡ್ರೋಸ್ ಯಾಕೆ ಹಾಕ್ತೀರಾ?" ಅವರು ಮುಚ್ಚಿಡಲಿಲ್ಲ. "ಮಾರ್ಕೆಟ್ಟಲ್ಲಿ ಬಣ್ಣ ನೋಡಿ ರೇಟು ಕೂಗ್ತಾರೆ ಕಣಪ್ಪ. ಚಿನ್ನದ ಬಣ್ಣ ಬಂದ್ರೆ ಕಾಸು. ಕಂದು ಬೆಲ್ಲ ತಗೊಂಡು ಹೋದ್ರೆ ಮೂಟೆ ಅಲ್ಲೇ ಕೂತಿರ್ತದೆ."

ಹೈಡ್ರೋಸ್ ಅಂದರೆ ಬಣ್ಣ ತೆಗೆಯುವ ಗಂಧಕದ ರಾಸಾಯನಿಕ. ಹಾಕಿದ ಕೂಡಲೇ ಬೆಲ್ಲ ಹಳದಿಗೆ ತಿರುಗುತ್ತದೆ, ಕೆಲವು ದಿನ ಇಟ್ಟರೆ ಮತ್ತೆ ಕಪ್ಪಾಗುತ್ತದೆ. ಕೆಲವು ಕಡೆ ಅಗ್ಗದ ಸಕ್ಕರೆಯನ್ನೂ ಕರಗಿಸಿ ಸೇರಿಸುತ್ತಾರೆ. ಮಾಡುವವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಹರಾಜಿನಲ್ಲಿ ಕೊಳ್ಳುವವರಿಗೆ ಕೊಪ್ಪರಿಗೆ ಕಾಣುವುದಿಲ್ಲ, ಬಣ್ಣ ಒಂದೇ ಕಾಣುತ್ತದೆ. ಆದರೆ ಎರಡು ಗಂಟೆ ಕೂತು ಕಣ್ಣಾರೆ ನೋಡಿದವರು ಬಣ್ಣ ಕೇಳುವುದಿಲ್ಲ. ತಮ್ಮ ಮುಂದೆ ಇಳಿದ ಬೆಲ್ಲವನ್ನೇ ಕೊಡಿ ಅನ್ನುತ್ತಾರೆ, ಮಾರ್ಕೆಟ್ ದರಕ್ಕಿಂತ ಜಾಸ್ತಿ ಕೊಡಲೂ ಒಪ್ಪುತ್ತಾರೆ. ಹರಾಜಿನಲ್ಲಿ ಯಾರೂ ಮೂಸದ ಬೆಲ್ಲಕ್ಕೆ ಇಲ್ಲಿ ಒಳ್ಳೆ ಬೆಲೆ ಸಿಗುತ್ತದೆ. ಊರಿನ ಹೆಸರಿಗೆ ಬೆಲೆ ಬರುವುದು ಅಂದರೆ ಇದೇ. ಲೋಗೋ ಬರೆಸಿದರೆ ಬರುವಂಥದ್ದಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ 100 ಕೆಜಿ ಬೆಲ್ಲ. ಒಂದು ಸಲಕ್ಕೆ 20 ಜನ ಬಂದು ತಲಾ 2 ಕೆಜಿ ಕೊಂಡರೆ 40 ಕೆಜಿ ಆಲೆಮನೆ ಬಾಗಿಲಲ್ಲೇ ಖಾಲಿ. ಮೂಟೆ ಹೊರುವುದಿಲ್ಲ, ದಲ್ಲಾಳಿ ಇಲ್ಲ. ವಾರಪೂರ್ತಿ ಮಾಡಿದ ಬೆಲ್ಲವೆಲ್ಲ ಹೀಗೆ ಹೋಗುವುದಿಲ್ಲ ನಿಜ. ಆದರೆ ಶನಿವಾರ, ಭಾನುವಾರದ ಕೊಪ್ಪರಿಗೆಗಳಿಗೆ ಹೈಡ್ರೋಸ್ ಹಾಕಬೇಕಾದ ಒತ್ತಡ ಇರುವುದಿಲ್ಲ. ಕೆ.ಎಸ್. ಪುಟ್ಟಣ್ಣಯ್ಯನವರಂಥ ರೈತ ನಾಯಕರನ್ನು ಕೊಟ್ಟ ತಾಲ್ಲೂಕು ಇದು. ಪ್ರವಾಸೋದ್ಯಮದ ದುಡ್ಡು ರೆಸಾರ್ಟಿಗಿಂತ ಮೊದಲು ಕಬ್ಬು ಬೆಳೆದವರಿಗೆ ತಲುಪಬೇಕು ಅಂತ ಇಲ್ಲಿ ಕೇಳದೆ ಇನ್ನೆಲ್ಲಿ ಕೇಳುವುದು?

ಎಡವಟ್ಟಾಗುವ ಕಡೆಗಳೂ ನನಗೆ ಗೊತ್ತು. ಮೊದಲನೆಯದು, ಬಂದ ದಿನ ಆಲೆಮನೆ ನಿಂತಿರುವುದು. ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ, ಒಲೆ ಉರಿಯುವುದಿಲ್ಲ. ಕಬ್ಬು ಕಡಿಯುವವರು ಬರದಿದ್ದರೂ ಅದೇ ಕಥೆ. ಬೆಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ಬಂದವರು ತಣ್ಣಗಿನ ಕೊಪ್ಪರಿಗೆ ನೋಡಿ ವಾಪಸ್ ಹೋದರೆ ಇನ್ನೊಮ್ಮೆ ಬರುವುದಿಲ್ಲ, ಹತ್ತು ಜನಕ್ಕೆ ಹೇಳುತ್ತಾರೆ ಬೇರೆ. ಹಾಗಾಗಿ ಒಂದೇ ಆಲೆಮನೆ ನಂಬಬಾರದು. ಮೂರು ಆಲೆಮನೆಯವರು ಸೇರಬೇಕು, ಶುಕ್ರವಾರ ಸಂಜೆ ಒಂದು ವಾಟ್ಸಾಪ್ ಗುಂಪಿನಲ್ಲಿ ನಾಳೆ ಎಲ್ಲಿ, ಎಷ್ಟು ಗಂಟೆಗೆ ಕೊಪ್ಪರಿಗೆ ಏರುತ್ತದೆ ಅಂತ ಹಾಕಬೇಕು. ಯಾವುದೂ ಇಲ್ಲದಿದ್ದರೆ ಇಲ್ಲ ಅಂತಲೇ ಹಾಕಬೇಕು. ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ಬರುವ ಕಾಲ ಬಿಟ್ಟು ಹೋದರೆ ಹಕ್ಕಿ ಇರುವುದಿಲ್ಲ, ಅದನ್ನು ಜನ ಒಪ್ಪಿಕೊಂಡಿದ್ದಾರೆ. ಮೊದಲೇ ಹೇಳಿದರೆ ಇದನ್ನೂ ಒಪ್ಪುತ್ತಾರೆ.

ಎರಡನೆಯದು ಸುಡುವ ಪಾಕ. ಅದು ಮೈಗೆ ಬಿದ್ದರೆ ನೀರಿನ ಹಾಗೆ ಜಾರುವುದಿಲ್ಲ, ಅಂಟಿಕೊಂಡು ಚರ್ಮ ಸುಡುತ್ತದೆ. ಗಾಣದ ಬೆಲ್ಟು ಕೂಡ ಅಷ್ಟೇ ಅಪಾಯ. ಕೊಪ್ಪರಿಗೆಯಿಂದ ದೂರಕ್ಕೆ ಗಟ್ಟಿ ಕಟಕಟೆ ಕಟ್ಟಿ, ಕೂರಲು ಜಗಲಿ ಮಾಡಿ, ಒಂದು ಸಲಕ್ಕೆ 20 ಜನರಿಗಿಂತ ಜಾಸ್ತಿ ಬಿಡಬಾರದು. ಸೆಲ್ಫಿ ಅಂತ ಕಟಕಟೆ ದಾಟುವವರನ್ನು ಹೊರಗೆ ಕಳಿಸುವ ಧೈರ್ಯ ಇರಬೇಕು. ಸ್ವಚ್ಛವಾದ ಎರಡು ಶೌಚಾಲಯ, ಕೈ ತೊಳೆಯಲು ನೀರು. ನಮ್ಮ ಹೆಚ್ಚಿನ ಆಲೆಮನೆಗಳಲ್ಲಿ ಇವತ್ತಿಗೂ ಇದಿಲ್ಲ, ಅಲ್ಲಿ ಕೆಲಸ ಮಾಡುವವರಿಗೂ ಇಲ್ಲ. ಹೊರ ರಾಜ್ಯದಿಂದ ಬಂದು ಹಗಲು ರಾತ್ರಿ ಬೆಂಕಿ ಮುಂದೆ ನಿಲ್ಲುವವರಿಗಾಗಿಯಾದರೂ ಇದನ್ನು ಮೊದಲು ಮಾಡಬೇಕು. ದುಡ್ಡು ಖರ್ಚು ಮಾಡುವುದಾದರೆ ಮೊದಲ ರೂಪಾಯಿ ಇಲ್ಲಿಗೆ ಬೀಳಲಿ.

ಮೂರನೆಯದು ನನಗೆ ಜಾಸ್ತಿ ಭಯ ಹುಟ್ಟಿಸುವುದು. ಇದು ಸ್ವಲ್ಪ ಓಡಿದರೆ ಸಾಕು, ರಸ್ತೆ ಪಕ್ಕ ಇನ್ನೊಬ್ಬರು ಪುಟ್ಟ ಕೊಪ್ಪರಿಗೆ ಇಟ್ಟು, ತೋರಿಕೆಗೆ ಹಾಲು ಕಾಯಿಸಿ, ಹೊರಗಿನಿಂದ ತಂದ ಬೆಲ್ಲಕ್ಕೆ 'ಸಾವಯವ' ಅಂತ ಚೀಟಿ ಅಂಟಿಸುತ್ತಾರೆ. ಕಂದು ಬಣ್ಣವೇ ಶುದ್ಧತೆಯ ಗುರುತು ಅಂತ ಹೇಳಿಕೊಟ್ಟರೆ ಮೋಸ ಇನ್ನೂ ಸುಲಭ. ಪಾಕ ಸೀದರೂ ಬೆಲ್ಲ ಕಂದಾಗುತ್ತದೆ, ಚೌಳು ನೆಲದ ಕಬ್ಬಿನಿಂದಲೂ ಕಪ್ಪಾಗಿ ಉಪ್ಪುಪ್ಪಾಗುತ್ತದೆ. ಅದಕ್ಕೇ ಗುಂಪಿನ ನಿಯಮ ಕಟ್ಟುನಿಟ್ಟಾಗಿರಬೇಕು. ಬಂದವರ ಎದುರು ಇಳಿದ ಬೆಲ್ಲವನ್ನು ಮಾತ್ರ ಗುಂಪಿನ ಹೆಸರಿನಲ್ಲಿ ಮಾರಬೇಕು, ಪೊಟ್ಟಣದ ಮೇಲೆ ತಾರೀಕು ಮತ್ತು ಕಬ್ಬು ಯಾವ ಊರಿನ ಗದ್ದೆಯದು ಅಂತ ಬರೆಯಬೇಕು. ಆಗಾಗ ಲ್ಯಾಬಿಗೆ ಕಳಿಸಿ ಗಂಧಕದ ಅಂಶ ನೋಡಿಸಿ, ಫಲಿತಾಂಶವನ್ನು ಬಾಗಿಲಿಗೆ ಅಂಟಿಸಬೇಕು. ತಪ್ಪಿದವರು ಗುಂಪಿನಿಂದ ಹೊರಗೆ, ಅವರು ಎಷ್ಟೇ ಹತ್ತಿರದವರಾಗಲಿ.

ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಬೆಟ್ಟದ ಕೆಳಗೆ ಕಾರು ಎಣಿಸಬೇಡಿ. ಶನಿವಾರ ಮಧ್ಯಾಹ್ನ ಊರಿನ ಹೋಟೆಲುಗಳಲ್ಲಿ ಹೊರಗಿನವರು ಎಷ್ಟು ಎಲೆ ಊಟ ಮಾಡಿದರು ಅಂತ ಕೇಳಿ. ಬಾಗಿಲಲ್ಲಿ ಹೋದ ಬೆಲ್ಲ ಎಷ್ಟು ಕೆಜಿ, ಅದಕ್ಕೆ ಹರಾಜಿಗಿಂತ ಎಷ್ಟು ಜಾಸ್ತಿ ಸಿಕ್ಕಿತು, ಅದರಲ್ಲಿ ಕಬ್ಬಿನ ರೈತರಿಗೆ ಎಷ್ಟು ಹೋಯಿತು ಅಂತ ಬರೆದಿಡಿ. ಕಾರು ಹೆಚ್ಚಾಗಿ ಊಟ ಹೆಚ್ಚಾಗದಿದ್ದರೆ ನಮಗೆ ಬಂದಿರುವುದು ಕಸ ಮಾತ್ರ.

ತೊಣ್ಣೂರು ಕೆರೆಗೆ ಸ್ಪೀಡ್ ಬೋಟು ಬೇಡ ಅಂತ ಇನ್ನೊಮ್ಮೆ ಕೈ ಮುಗಿದು ಕೇಳುತ್ತೇನೆ. ಆ ನೀರಿಗೆ ಇಳಿದು ಜೀವ ಕಳೆದುಕೊಂಡ ಹುಡುಗರ ಸುದ್ದಿ ಓದಿ ಓದಿ ಸಾಕಾಗಿದೆ. ಅಲ್ಲಿ ಬೇಕಿರುವುದು ಕಾವಲು, ತಂತಿ ಬೇಲಿ, ದೊಡ್ಡ ಅಕ್ಷರದ ಎಚ್ಚರಿಕೆ.

ಮುಂದಿನ ಸಭೆಗೆ ಲೋಗೋ ಮಾದರಿಗಳನ್ನು ತರುತ್ತಾರಂತೆ. ಅದನ್ನು ಆರು ತಿಂಗಳು ಮುಂದಕ್ಕೆ ಹಾಕಿ ಅಂತ ಕೇಳಲಿದ್ದೇನೆ. ಅಷ್ಟರಲ್ಲಿ ಒಪ್ಪುವ ಮೂರು ಆಲೆಮನೆಯವರು, ಬಾಳೆಲೆ ಊಟ ಹಾಕುವ ಎರಡು ಹೋಟೆಲಿನವರು, ಸ್ಟೇಷನ್ನಿನ ನಾಲ್ಕು ಆಟೋದವರು ಸಿಗಬೇಕು. ಪಾಂಡವಪುರ ತಾಲ್ಲೂಕಿನಲ್ಲಿ ಆಲೆಮನೆ ನಡೆಸುವ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ನಿಮ್ಮ ಊರಿನ ಹೆಸರು ಬರೆಯಿರಿ. ನಾನೇ ಬಂದು ಮಾತಾಡುತ್ತೇನೆ.